ಕಾರ್ಡಿನಲ್ಲಿ 48, ರ್ಯಾಕಿನಲ್ಲಿ 41: ಸ್ಟೋರ್‌ಕೀಪರ್ ಇಂಟರ್‌ವ್ಯೂನ ಆ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ಹತ್ತಿರ. ಬಿ.ಕಾಂ. ಮುಗಿಸಿ ಪುಣೆಗೆ ಬಂದು ಭೋಸರಿಯಲ್ಲಿ ಅಣ್ಣನ ಮನೆಯಲ್ಲಿ ಇದ್ದೇನೆ. ಮುಂದಿನ ವಾರ ಚಾಕಣ್‌ನ ಒಂದು ಗಾಡಿ ಬಿಡಿಭಾಗದ ಕಂಪನಿಯಲ್ಲಿ ಜೂನಿಯರ್ ಸ್ಟೋರ್‌ಕೀಪರ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಸ್ಟಾಕ್ ಬರೆಯುವುದು, ಮಾಲು ಕೊಡುವುದು, ಎಣಿಸುವುದು, ಇವುಗಳ ಮೇಲೆ ಏನು ಕೇಳುತ್ತಾರೆ? ಏನು ಹೇಳಬೇಕು? ಡೆಫಿನಿಶನ್ ಎಲ್ಲ ಬಾಯಿಪಾಠ ಮಾಡಿದ್ದೇನೆ. ಅಷ್ಟು ಸಾಕಾ?

ಉತ್ತರ: ಸಾಲುವುದಿಲ್ಲ. ಬಾಯಿಪಾಠ ಮೊದಲ ಎರಡು ನಿಮಿಷ ಕೈ ಹಿಡಿಯುತ್ತದೆ, ಅಷ್ಟೆ. ನಾನು ಭೋಸರಿ ಎಂಐಡಿಸಿಯಲ್ಲಿ ಸ್ಟೋರ್ ನೋಡಿಕೊಳ್ಳಲು ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಹೊಸಬರನ್ನು ಆರಿಸುವಾಗ ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬ. ಯಾವ ಮಾತಿನಿಂದ ಶುರು ಮಾಡಿದರೂ ನಾವು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಬಿನ್ ಕಾರ್ಡಿನಲ್ಲಿ 48 ಇದೆ. ರ್ಯಾಕಿನಲ್ಲಿ ಎಣಿಸಿದರೆ 41. ಈಗ ಏನು ಮಾಡ್ತೀರಿ?" ಇದನ್ನು ಪೂರ್ತಿ ಬಿಡಿಸಿ ಹೇಳಬಲ್ಲವನಿಗೆ ಬರೆಯುವುದೂ ಗೊತ್ತು, ಕೊಡುವುದೂ ಗೊತ್ತು, ಎಣಿಸುವುದೂ ಗೊತ್ತು ಎಂದು ನಮಗೆ ತಿಳಿಯುತ್ತದೆ. ಹಾಗಾಗಿ ಈ ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ.

ಅದಕ್ಕೂ ಮೊದಲು ಬಾಯಿಪಾಠದ್ದನ್ನು ಒಮ್ಮೆ ಮುಗಿಸೋಣ. "ಬಿನ್ ಕಾರ್ಡಿಗೂ ಸ್ಟೋರ್ಸ್ ಲೆಡ್ಜರಿಗೂ ಏನು ವ್ಯತ್ಯಾಸ?" ಎಂದು ಕೇಳಿಯೇ ಕೇಳುತ್ತಾರೆ. ಬಿನ್ ಕಾರ್ಡು ಮಾಲಿನ ಪಕ್ಕದಲ್ಲೇ ತೂಗುವ ಕಾರ್ಡು. ಅದನ್ನು ಸ್ಟೋರ್‌ಕೀಪರ್ ಬರೆಯುತ್ತಾನೆ. ಅದರಲ್ಲಿ ನಗ ಮಾತ್ರ, ರೂಪಾಯಿ ಇಲ್ಲ. ಲೆಡ್ಜರನ್ನು ಅಕೌಂಟ್ಸ್‌ನವರು ಇಡುತ್ತಾರೆ. ಅದರಲ್ಲಿ ನಗವೂ ಇದೆ, ಬೆಲೆಯೂ ಇದೆ. ಒಂದೇ ಮಾಲಿನ ಲೆಕ್ಕವನ್ನು ಇಬ್ಬರು ಬೇರೆಬೇರೆ ಕಡೆ ಬರೆಯುವುದರಿಂದ ಒಬ್ಬರ ತಪ್ಪು ಇನ್ನೊಬ್ಬರ ಪುಸ್ತಕದಲ್ಲಿ ಸಿಕ್ಕಿಬೀಳುತ್ತದೆ. ಆ ಕೊನೆಯ ಮಾತನ್ನು ಹೇಳಿ. ಮೊದಲಿನದನ್ನು ಎಲ್ಲರೂ ಹೇಳುತ್ತಾರೆ.

ಈಗ 48 ಮತ್ತು 41ಕ್ಕೆ ಬರೋಣ.

ಅರ್ಧಕ್ಕರ್ಧ ಹುಡುಗರು "ಕಾರ್ಡಿನಲ್ಲಿ 41 ಅಂತ ಸರಿ ಮಾಡ್ತೀನಿ ಸರ್" ಎನ್ನುತ್ತಾರೆ. ಇನ್ನು ಕೆಲವರು "ಕೂಡಲೇ ಸಾಹೇಬರಿಗೆ ಹೇಳ್ತೀನಿ" ಎನ್ನುತ್ತಾರೆ. ಎರಡನೆಯದು ಸುಳ್ಳಲ್ಲ. ಆದರೆ ಏನೂ ಹುಡುಕದೆ ಹೇಳಿದರೆ ಸಾಹೇಬರು "ಯಾಕೆ ಕಮ್ಮಿ ಆಯ್ತು?" ಎಂದು ನಿಮ್ಮನ್ನೇ ಕೇಳುತ್ತಾರೆ, ಅಲ್ವಾ? ಮೊದಲನೆಯ ಉತ್ತರ ಮಾತ್ರ ನಿಜವಾಗಿ ಅಪಾಯದ್ದು. ಅದರ ಪೆಟ್ಟು ನಾನೇ ತಿಂದಿದ್ದೇನೆ. ನನ್ನ ಮೊದಲ ಕೆಲಸದಲ್ಲಿ ಒಂದು ಆಯಿಲ್ ಸೀಲು ಕಾರ್ಡಿನಲ್ಲಿ 70 ಇತ್ತು, ಎಣಿಸಿದರೆ 62. ಬೈಸಿಕೊಳ್ಳಬೇಕಲ್ಲ ಎಂದು ಹೆದರಿ ನಾನೇ 62 ಎಂದು ತಿದ್ದಿದೆ. ಮಾರನೆಯ ದಿನ ರಾತ್ರಿ ಶಿಫ್ಟಿನ ಒಂದು ಸ್ಲಿಪ್ಪು ಬಂತು, 8 ಸೀಲಿನದು. ಅದನ್ನೂ ಕಳೆದು 54 ಎಂದು ಬರೆದೆ. ರ್ಯಾಕಿನಲ್ಲಿ ಮಾತ್ರ 62 ಹಾಗೇ ಕೂತಿತ್ತು. ಒಂದೇ ಮಾಲನ್ನು ಎರಡು ಸಲ ಕಳೆದಿದ್ದೆ. ವರ್ಷದ ಕೊನೆಯ ಎಣಿಕೆಯಲ್ಲಿ 8 ಜಾಸ್ತಿ ಬಂದಾಗ ಯಾಕೆ ಎಂದು ಹೇಳಲು ನನ್ನ ಹತ್ತಿರ ಉತ್ತರವೇ ಇರಲಿಲ್ಲ. ತಿದ್ದಿದ ಕಾರ್ಡಿನಲ್ಲಿ ತಪ್ಪಿನ ಜಾಡೂ ಅಳಿಸಿಹೋಗಿತ್ತು.

ಹಾಗಾದರೆ ಸರಿಯಾದ ಉತ್ತರ ಹೇಗಿರಬೇಕು? ಮಾಲು 6205 ಬೇರಿಂಗ್ ಎಂದುಕೊಳ್ಳಿ. ಒಳಗಿನ ತೂತು 25 ಮಿಲಿಮೀಟರ್, ಹೊರಗಿನ ಅಳತೆ 52, ದಪ್ಪ 15. ಪುಣೆಯ ಬಹುತೇಕ ಮೆಂಟೆನೆನ್ಸ್ ಸ್ಟೋರುಗಳಲ್ಲಿ ಇದು ಸಿಗುತ್ತದೆ. ಉದಾಹರಣೆಗೆ ಇದನ್ನೇ ಹೇಳಿದರೆ ಎದುರಿಗೆ ಕೂತವರಿಗೆ ನೀವು ಸ್ಟೋರ್ ಒಳಗೆ ಕಾಲಿಟ್ಟು ನೋಡಿದ್ದೀರಿ ಅನಿಸುತ್ತದೆ.

ಮೊದಲ ಕೆಲಸ, ಮತ್ತೆ ಎಣಿಸುವುದು. ಈ ಸಲ ಬೇರೆಯವರ ಕೈಯಿಂದ ಎಣಿಸಬೇಕು, ಅವರಿಗೆ 48 ಎಂದು ಮೊದಲೇ ಹೇಳಬಾರದು. ಹೇಳಿಬಿಟ್ಟರೆ ಕಣ್ಣು 48ನ್ನೇ ಹುಡುಕುತ್ತದೆ. ಸೀಲ್ ಒಡೆದ ಡಬ್ಬಿಗಳನ್ನು ತೆರೆದು ನೋಡಬೇಕು. ಮೇಲೆ 10 ಎಂದು ಬರೆದಿದೆ ಎಂದು ಒಳಗೂ 10 ಇದೆ ಎಂದುಕೊಳ್ಳಬಾರದು. ಆಮೇಲೆ ಅಕ್ಕಪಕ್ಕದ ಖಾನೆಗಳು. 6205ರಲ್ಲೇ ಲೋಹದ ಮುಚ್ಚಳ ಇರುವ ಝಡ್‌ಝಡ್ ಒಂದು, ರಬ್ಬರ್ ಸೀಲು ಇರುವ ಟೂ ಆರ್‌ಎಸ್ ಇನ್ನೊಂದು. ಅಳತೆ ಒಂದೇ, ಡಬ್ಬಿಯೂ ಒಂದೇ ಥರ. ಆತುರದಲ್ಲಿ ಇಟ್ಟರೆ ಒಂದರ ಖಾನೆಗೆ ಇನ್ನೊಂದು ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಕಮ್ಮಿ ಬಂದದ್ದು ಝಡ್‌ಝಡ್. ಪಕ್ಕದ ಟೂ ಆರ್‌ಎಸ್ ಕಾರ್ಡು 30 ಎನ್ನುತ್ತದೆ, ಖಾನೆಯಲ್ಲಿ 32 ಇವೆ. ಡಬ್ಬಿ ತೆರೆದರೆ ಎರಡು ಝಡ್‌ಝಡ್ ಅಲ್ಲಿ ಕೂತಿವೆ. ಒಂದು ಕಡೆ ಕಮ್ಮಿ ಬಂದಾಗ ಪಕ್ಕದಲ್ಲಿ ಜಾಸ್ತಿ ಇದೆಯಾ ಎಂದು ನೋಡುವುದು ಪಳಗಿದ ಸ್ಟೋರ್‌ಕೀಪರನ ಅಭ್ಯಾಸ. ಈ ಎರಡಕ್ಕೆ ಕಾರ್ಡಿನಲ್ಲಿ ಏನೂ ಬರೆಯಬೇಕಿಲ್ಲ. ಎತ್ತಿ ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು. ಈಗ ರ್ಯಾಕಿನಲ್ಲಿ 43 ಆಯ್ತು, ಇನ್ನು 5 ಬಾಕಿ.

ಎರಡನೆಯದು ಕಾಗದ. ಕಾರ್ಡಿನಲ್ಲಿ ಹಿಂದಿನ ಸಲ ಎಣಿಸಿ ಸಹಿ ಹಾಕಿದ ಸಾಲು ಎಲ್ಲಿದೆ ನೋಡಿ. ಅಲ್ಲಿಯ ತನಕ ಲೆಕ್ಕ ಸರಿ ಇತ್ತು ಎಂದರ್ಥ. ಹುಡುಕಾಟ ಅಲ್ಲಿಂದ ಈಚೆಗೆ. ಒಂದೊಂದು ಸಾಲಿನ ಕೂಡು, ಕಳೆ ಮತ್ತೆ ಮಾಡಬೇಕು. ಪ್ರತಿ ಬಂದ ಮಾಲಿಗೆ ಜಿಆರ್‌ಎನ್, ಅಂದರೆ ಮಾಲು ಬಂದು ಸೇರಿದ್ದರ ಚೀಟಿ, ಇದೆಯಾ, ಪ್ರತಿ ಹೋದ ಮಾಲಿಗೆ ಇಶ್ಯೂ ಸ್ಲಿಪ್ ಇದೆಯಾ ಎಂದು ನಂಬರು ಹಿಡಿದು ಹೊಂದಿಸಬೇಕು. ಸ್ಲಿಪ್ ಪುಸ್ತಕದಲ್ಲಿ ನಂಬರು ಹಾರಿದೆಯಾ ನೋಡಬೇಕು. 317 ಇದೆ, 319 ಇದೆ, 318 ಎಲ್ಲಿ? ಆಮೇಲೆ ಮೆಂಟೆನೆನ್ಸ್‌ನವರನ್ನು ಕೇಳಬೇಕು. ಇಲ್ಲಿ ಸಿಗುತ್ತದೆ: ಸೋಮವಾರ ರಾತ್ರಿ ಶಿಫ್ಟಿನಲ್ಲಿ ಕನ್ವೇಯರ್ ನಿಂತಾಗ 4 ಬೇರಿಂಗ್ ಒಯ್ದಿದ್ದಾರೆ. ಸ್ಲಿಪ್ ಇಲ್ಲ, ಯಾರದೋ ಡೈರಿಯಲ್ಲಿ ಬರೆದಿದ್ದಾರೆ. ಆಗ ಆ ಶಿಫ್ಟಿನ ಸೂಪರ್‌ವೈಸರ್ ಹತ್ತಿರ ಸ್ಲಿಪ್ ಬರೆಸಿ, ಮಾಲು ಹೋದ ನಿಜವಾದ ದಿನ ಮತ್ತು ಮಶೀನ್ ನಂಬರ್ ಹಾಕಿಸಿ ಸಹಿ ತೆಗೆದುಕೊಳ್ಳಬೇಕು. ಕಾರ್ಡಿನಲ್ಲಿ ಮುಂದಿನ ಖಾಲಿ ಸಾಲಿನಲ್ಲಿ, ಇವತ್ತಿನ ತಾರೀಖಿನಲ್ಲಿ ಏರಿಸಬೇಕು. ಹಳೆಯ ಸಾಲುಗಳ ನಡುವೆ ತುರುಕಬಾರದು. ಈಗ ಕಾರ್ಡು 44, ರ್ಯಾಕು 43.

ಒಂದು ಉಳಿಯಿತು. ರಿಜೆಕ್ಷನ್ ಜಾಗ ನೋಡಿದಿರಿ, ಇಲ್ಲ. ಲೈನಿನಿಂದ ವಾಪಸ್ ಬಂದ ಮಾಲು ನೋಡಿದಿರಿ, ಇಲ್ಲ. ಸಪ್ಲೈಯರ್ ಚಲನ್ ನೋಡಿದಿರಿ, ಸರಿ ಇದೆ. ಆಗ ಮಾತ್ರ ಸಾಹೇಬರ ಹತ್ತಿರ ಹೋಗಬೇಕು. ಏನು ಹೇಳಬೇಕು? "7 ಕಮ್ಮಿ ಇತ್ತು. 2 ಪಕ್ಕದ ಖಾನೆಯಲ್ಲಿ ಸಿಕ್ಕಿತು, 4ಕ್ಕೆ ಸ್ಲಿಪ್ ಬಂತು, 1ಕ್ಕೆ ಕಾರಣ ಸಿಕ್ಕಿಲ್ಲ." ಆ ಒಂದನ್ನು ವ್ಯತ್ಯಾಸದ ವರದಿಯಲ್ಲಿ ಬರೆದು, ಅಧಿಕಾರ ಇದ್ದವರು ಸಹಿ ಮಾಡಿದ ಮೇಲೆ ಅಡ್ಜಸ್ಟ್‌ಮೆಂಟ್ ಎಂದು ಬೇರೆ ಸಾಲಿನಲ್ಲಿ ಕಳೆಯಬೇಕು. ಲೆಡ್ಜರಿನಲ್ಲೂ ಅದೇ ನಂಬರಿನಿಂದ ಕಳೆಯಬೇಕು. ಜೂನಿಯರ್‌ಗೆ ಸ್ಟಾಕ್ ಹೊಂದಿಸುವ ಅಧಿಕಾರ ಇಲ್ಲ, ಕಾರಣ ಹುಡುಕುವ ಕೆಲಸ ಇದೆ. ನಾವು ಕಿವಿಗೊಟ್ಟು ಕಾಯುವುದು ಈ ಮಾತಿಗೇ.

ಇದು ಮುಗಿಯುತ್ತಿದ್ದ ಹಾಗೇ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. "ರಾತ್ರಿ ಸ್ಲಿಪ್ ಇಲ್ಲದೆ ಮಾಲು ಹೋಯ್ತಲ್ಲ. ನೀವು ಕೌಂಟರಿನಲ್ಲಿ ಇದ್ದಿದ್ದರೆ? ಲೈನ್ ನಿಂತಿದೆ, ಸೂಪರ್‌ವೈಸರ್ ಈಗಲೇ ಕೊಡು ಎನ್ನುತ್ತಿದ್ದಾನೆ."

"ಸ್ಲಿಪ್ ಇಲ್ಲದೆ ಕೊಡೋದೇ ಇಲ್ಲ ಸರ್" ಎಂದು ಗಟ್ಟಿಯಾಗಿ ಹೇಳಿದರೆ ಮೆಚ್ಚುತ್ತಾರೆ ಎಂದು ಹುಡುಗರು ಅಂದುಕೊಳ್ಳುತ್ತಾರೆ. ನಾನು ಮೆಚ್ಚುವುದಿಲ್ಲ. ನಿಂತ ಲೈನಿಗೆ ಒಂದು ಬೇರಿಂಗ್ ಕೊಡದೆ ಕೂರುವ ಸ್ಟೋರು ಯಾರಿಗೂ ಬೇಡ. ಹಾಗಂತ ಸುಮ್ನೆ ಎತ್ತಿ ಕೊಡುವುದೂ ಅಲ್ಲ. ಕೌಂಟರಿನ ಮೇಲೆ ತುರ್ತು ಇಶ್ಯೂ ರಿಜಿಸ್ಟರ್ ಇರಬೇಕು. ಮಾಲಿನ ಕೋಡ್, ನಗ, ಮಶೀನ್, ಒಯ್ಯುವವರ ಹೆಸರು, ಸಮಯ, ಸಹಿ. ಇಷ್ಟು ಬರೆಯಲು ಒಂದು ನಿಮಿಷ ಸಾಕು. ಮಾಲು ಕೌಂಟರ್ ದಾಟುವ ಮೊದಲು ಸಹಿ ಬೀಳಬೇಕು, ಶಿಫ್ಟ್ ಮುಗಿಯುವ ಮೊದಲು ಸ್ಲಿಪ್ ಬರಬೇಕು. ಬರದಿದ್ದರೆ ಮುಂದಿನ ಶಿಫ್ಟಿನವನಿಗೆ ಚಾರ್ಜ್ ಕೊಡುವಾಗ ಆ ಸಾಲನ್ನು ತೋರಿಸಬೇಕು. "ನಿಮ್ಮ ಕಂಪನಿಯಲ್ಲಿ ಇದಕ್ಕೆ ಬೇರೆ ನಿಯಮ ಇದ್ದರೆ ಅದರಂತೆ ಮಾಡುತ್ತೇನೆ" ಎಂದೂ ಸೇರಿಸಿ. ಕೆಲವು ಕಡೆ ಶಿಫ್ಟ್ ಇನ್‌ಚಾರ್ಜ್ ಸಹಿ ಇಲ್ಲದೆ ತುರ್ತು ಇಶ್ಯೂ ಕೂಡ ಇಲ್ಲ.

ಇಶ್ಯೂ ಬಗ್ಗೆ ಇನ್ನೊಂದು ಚಿಕ್ಕ ಪ್ರಶ್ನೆ ಇದೆ. ಸ್ಲಿಪ್ಪಿನಲ್ಲಿ 10 ಕೇಳಿದ್ದಾರೆ, ನಿಮ್ಮ ಹತ್ತಿರ 6 ಇದೆ. ಕೇಳಿದ್ದು 10 ಹಾಗೇ ಇರಲಿ, ಕೊಟ್ಟದ್ದು 6 ಎಂದು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಕಾರ್ಡಿನಲ್ಲಿ ಕಳೆಯುವುದು 6 ಮಾತ್ರ. ಉಳಿದ 4ಕ್ಕೆ ಮಾಲು ಬಂದಾಗ ಹೊಸ ಸ್ಲಿಪ್. ಸ್ಲಿಪ್ಪಿನ ಕೆಳಗೆ ಖಾಲಿ ಉಳಿದ ಸಾಲುಗಳಿಗೆ ಅಡ್ಡಗೆರೆ ಎಳೆಯಬೇಕು, ಇಲ್ಲದಿದ್ದರೆ ಸಹಿ ಆದ ಮೇಲೆ ಯಾರು ಬೇಕಾದರೂ ಇನ್ನೊಂದು ಐಟಂ ಸೇರಿಸಬಹುದು. ಮೊದಲು ಬಂದ ಮಾಲು ಮೊದಲು ಹೋಗಬೇಕು ಎನ್ನುವುದು ನಿಮಗೆ ಗೊತ್ತೇ ಇರುತ್ತದೆ. ಅದಕ್ಕೆ ರಬ್ಬರ್ ಸೀಲು, ಗಮ್ಮು, ಬಣ್ಣದ ಉದಾಹರಣೆ ಕೊಡಿ. ಇಟ್ಟಲ್ಲೇ ಹಾಳಾಗುವ ಮಾಲು ಇವೇ.

ಎಣಿಕೆಯ ಪ್ರಶ್ನೆ ಸಾಮಾನ್ಯವಾಗಿ ಹೀಗೆ ಬರುತ್ತದೆ: "ಒಂದು ಕ್ರೇಟ್ ತುಂಬ ಎಂ8 ಬೋಲ್ಟ್ ಇದೆ. ಎಷ್ಟಿದೆ ಹೇಗೆ ಹೇಳ್ತೀರಿ?" ತೂಗಿ ಹೇಳುತ್ತೇನೆ ಎನ್ನುವುದು ಸರಿಯಾದ ಉತ್ತರ, ಆದರೆ ಅರ್ಧ ಉತ್ತರ. ತೂಗುವುದು ಹೇಗೆ ಎನ್ನುವುದರಲ್ಲೇ ತಪ್ಪಾಗುತ್ತದೆ. ಕಾಟಾ 10 ಗ್ರಾಂಗಿಂತ ಚಿಕ್ಕದನ್ನು ತೋರಿಸುವುದಿಲ್ಲ ಎಂದುಕೊಳ್ಳಿ. ಕ್ರೇಟ್ ಸಮೇತ ತೂಕ 17.96 ಕೆಜಿ, ಖಾಲಿ ಕ್ರೇಟ್ 0.80. ಅಂದರೆ ಬೋಲ್ಟ್ ತೂಕ 17.16 ಕೆಜಿ. ಈಗ ಹತ್ತು ಬೋಲ್ಟ್ ಎಣಿಸಿ ಇಟ್ಟಿರಿ, ಕಾಟಾ 140 ಗ್ರಾಂ ತೋರಿಸಿತು. ಒಂದಕ್ಕೆ 14 ಗ್ರಾಂ. ಭಾಗಿಸಿದರೆ 1,225 ಚಿಲ್ಲರೆ. ಅದೇ ನೂರು ಬೋಲ್ಟ್ ಇಟ್ಟರೆ ಕಾಟಾ 1,430 ಗ್ರಾಂ ತೋರಿಸುತ್ತದೆ. ಒಂದಕ್ಕೆ 14.3 ಗ್ರಾಂ. ಈಗ ಉತ್ತರ 1,200. ಹತ್ತರ ಸ್ಯಾಂಪಲ್ಲಿನಲ್ಲಿ ಕಾಟಾ ನುಂಗಿದ ಆ ಮೂರು ಗ್ರಾಂ ನಿಮಗೆ ಇಲ್ಲದ 25 ಬೋಲ್ಟ್ ತೋರಿಸಿತು. ಹಾಗಾಗಿ "ಖಾಲಿ ಕ್ರೇಟ್ ತೂಕ ಕಳೆಯುತ್ತೇನೆ, ಸ್ಯಾಂಪಲ್ ಕನಿಷ್ಠ ನೂರು ತೆಗೆದುಕೊಳ್ಳುತ್ತೇನೆ, ಕ್ರೇಟಿನಲ್ಲಿ ಬೇರೆ ಉದ್ದದ ಬೋಲ್ಟ್ ಸೇರಿದೆಯಾ ನೋಡುತ್ತೇನೆ" ಎನ್ನಿ. ಬೆಲೆ ಜಾಸ್ತಿ ಇರುವ ಮಾಲನ್ನು ಮಾತ್ರ ಯಾವತ್ತೂ ತೂಗಬಾರದು, ಕೈಯಲ್ಲೇ ಎಣಿಸಬೇಕು.

ಚಾಕಣ್ ಕಡೆಯ ಕಂಪನಿ ಆದ್ದರಿಂದ ಕಬ್ಬಿಣದ ಸರಳಿನ ಲೆಕ್ಕವನ್ನೂ ಕೇಳಬಹುದು. ಸರಳು ಕೊಳ್ಳುವುದು ಕೆಜಿಯಲ್ಲಿ, ಅಂಗಳದಲ್ಲಿ ಎಣಿಸುವುದು ನಗದಲ್ಲಿ. ಗುಂಡು ಸರಳಿಗೆ ಎಲ್ಲರೂ ಬಳಸುವ ಸೂತ್ರ ಒಂದಿದೆ. ಮಿಲಿಮೀಟರಿನಲ್ಲಿ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕೆಜಿ ಸಿಗುತ್ತದೆ. 25 ಎಂಎಂ ಸರಳಿಗೆ 625 ಭಾಗಿಸು 162, ಅಂದರೆ 3.86 ಕೆಜಿ. 6 ಮೀಟರಿನ ಒಂದು ಸರಳು ಸುಮಾರು 23.15 ಕೆಜಿ, 40 ಸರಳು ಸುಮಾರು 926 ಕೆಜಿ. ಚಲನ್‌ನಲ್ಲಿ 980 ಕೆಜಿ ಎಂದಿದ್ದರೆ ನಿಂತು ಯೋಚಿಸಬೇಕು. ಎರಡು ಸರಳಿಗಿಂತ ಜಾಸ್ತಿ ತೂಕ ಎಲ್ಲಿಂದ ಬಂತು? ಮತ್ತೆ ಕಾಟಾ ಹಾಕಿಸದೆ ಜಿಆರ್‌ಎನ್ ಮಾಡಬಾರದು. ಕಾರ್ಡಿನ ಮೇಲುಗಡೆ ಅಳತೆ ಕೆಜಿಯೋ ನಗವೋ ಎಂದು ಒಂದೇ ಬರೆದಿರಬೇಕು. ಒಬ್ಬ ಕೆಜಿ ಏರಿಸಿ ಇನ್ನೊಬ್ಬ ನಗ ಇಳಿಸಿದ ಕಾರ್ಡನ್ನು ಸರಿಪಡಿಸಲು ನಾನು ಮೂರು ದಿನ ಕೂತದ್ದುಂಟು.

ವರ್ಷದ ಕೊನೆಯ ಎಣಿಕೆ ಬಗ್ಗೆ ಕೇಳಿದರೆ ಒಂದೇ ವಿಷಯ ಹಿಡಿದು ಹೇಳಿ: ಕಟ್-ಆಫ್. ಮಾರ್ಚ್ 31ಕ್ಕೆ ಎಣಿಸುವ ಮೊದಲು ಕೊನೆಯ ಜಿಆರ್‌ಎನ್ ನಂಬರ್ ಮತ್ತು ಕೊನೆಯ ಇಶ್ಯೂ ಸ್ಲಿಪ್ ನಂಬರ್ ಬರೆದಿಟ್ಟುಕೊಳ್ಳಬೇಕು. ಎಣಿಸುವಾಗ ಮಾಲು ಓಡಾಡಬಾರದು. ಗೇಟಿನೊಳಗೆ ಬಂದು ಇನ್ನೂ ಇನ್‌ಸ್ಪೆಕ್ಷನ್ ಆಗದ ಮಾಲನ್ನು ಬೇರೆ ಕಡೆ ಚೀಟಿ ಅಂಟಿಸಿ ಇಡಬೇಕು. ಅದು ಕಣ್ಣಿಗೆ ಕಾಣುತ್ತದೆ, ಕಾರ್ಡಿನಲ್ಲಿ ಇರುವುದಿಲ್ಲ. ಎಣಿಸಿಬಿಟ್ಟರೆ ಸುಳ್ಳು ಹೆಚ್ಚಳ ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಎಣಿಸುವ ಪದ್ಧತಿ ಇದ್ದರೆ, ಬೆಲೆ ಜಾಸ್ತಿ ಇರುವ ಎ ಗುಂಪನ್ನು ತಿಂಗಳಿಗೊಮ್ಮೆ, ಬೆಲೆ ಕಮ್ಮಿ ಇರುವ ಸಿ ಗುಂಪನ್ನು ವರ್ಷಕ್ಕೊಮ್ಮೆ ಎಂದು ಕಂಪನಿ ಗೊತ್ತುಮಾಡಿರುತ್ತದೆ.

ಕಂಪ್ಯೂಟರ್ ಬಗ್ಗೆ ಇದ್ದದ್ದು ಇದ್ದಹಾಗೆ ಹೇಳಿ. ಕಂಪನಿಗಳು ಸ್ಟಾಕ್ ಲೆಕ್ಕ ಇಡುವ ಸ್ಯಾಪ್ ಸಾಫ್ಟ್‌ವೇರ್ ಮುಟ್ಟಿಲ್ಲ ಎಂದರೆ ಮುಟ್ಟಿಲ್ಲ ಎನ್ನಿ. ಆದರೆ ಮಾಲು ಬಂದದ್ದೂ ಹೋದದ್ದೂ MIGO ಪರದೆಯಲ್ಲಿ ಏರುತ್ತದೆ, ಇರುವ ಸ್ಟಾಕ್ MB52ರಲ್ಲಿ ಕಾಣುತ್ತದೆ, ಎಣಿಕೆಯ ದಾಖಲೆ MI01ರಲ್ಲಿ ಶುರುವಾಗಿ, MI04ರಲ್ಲಿ ಎಣಿಸಿದ್ದನ್ನು ತುಂಬಿ, MI07ರಲ್ಲಿ ವ್ಯತ್ಯಾಸ ಪೋಸ್ಟ್ ಆಗುತ್ತದೆ ಎಂದು ತಿಳಿದುಕೊಂಡು ಹೋಗಿ. ನಾನು ಮೇಲೆ ಹೇಳಿದ ಅಡ್ಜಸ್ಟ್‌ಮೆಂಟ್ ಸಾಲೇ ಈ ಕೊನೆಯದು. ಎಕ್ಸೆಲ್ ಮುಂದೆ ಕೂರಿಸಿದರೆ ಓಡುವ ಶಿಲ್ಕು ಬರೆಯಲು ಹೇಳಬಹುದು. ಸಿ ಕಾಲಮ್ಮಿನಲ್ಲಿ ಬಂದದ್ದು, ಡಿ ಕಾಲಮ್ಮಿನಲ್ಲಿ ಹೋದದ್ದು, ಇ ಕಾಲಮ್ಮಿನಲ್ಲಿ ಶಿಲ್ಕು ಇದ್ದರೆ ಇ3ರಲ್ಲಿ ಹೀಗೆ:

```
=E2+C3-D3
```

ಭಾಷೆಯ ಬಗ್ಗೆ ಹೆದರಬೇಡಿ. ಇಂಟರ್‌ವ್ಯೂ ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯುತ್ತದೆ. ನಮ್ಮ ಶಿಲ್ಕು ಅವರ ಶಿಲ್ಲಕ್, ನಮ್ಮ ಜಮಾ ಅವರಿಗೂ ಜಮಾ, ನಗವೂ ಅದೇ ನಗ. ನಿಮ್ಮ ಕಡೆಯವರಿಗೆ ಇವು ಹೊಸ ಮಾತೇ ಅಲ್ಲ. 48-41 ಪ್ರಶ್ನೆ ಮರಾಠಿಯಲ್ಲಿ ಬಂದರೆ "ಆಧೀ ಪುನ್ಹಾ ಮೋಜತೋ, ಮಗ ಸ್ಲಿಪಾ ಬಘತೋ" ಎಂದು ಶುರು ಮಾಡಿ. ಮೊದಲು ಮತ್ತೆ ಎಣಿಸುತ್ತೇನೆ, ಆಮೇಲೆ ಸ್ಲಿಪ್ ನೋಡುತ್ತೇನೆ ಎಂದರ್ಥ. ಉಳಿದದ್ದನ್ನು ಹಿಂದಿಯಲ್ಲಿ ಮುಂದುವರಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಯಲ್ಲಿ ಒಂದು ತುಂಬಿದ ಕಾರ್ಡನ್ನು ಕೈಗೆ ಕೊಟ್ಟು "ತಪ್ಪು ಹುಡುಕಿ" ಎನ್ನುವ ರೂಢಿ ಹಲವರಿಗಿದೆ, ನನಗೂ ಇದೆ. ನಾನು ಕೊಡುವ ಕಾರ್ಡು ಇಂಥದ್ದು. ಶುರುವಿನ ಶಿಲ್ಕು 36. ಬಂದದ್ದು 40, ಶಿಲ್ಕು 76. ಹೋದದ್ದು 15, ಶಿಲ್ಕು 61. ಹೋದದ್ದು 8, ಶಿಲ್ಕು 53. ಲೈನಿನಿಂದ ವಾಪಸ್ 3, ಶಿಲ್ಕು 50. ರ್ಯಾಕಿನಲ್ಲಿ ಇರುವುದು 56. ಇಲ್ಲಿ ವ್ಯತ್ಯಾಸ 6. ವ್ಯತ್ಯಾಸ ಸರಿಸಂಖ್ಯೆ ಆಗಿದ್ದರೆ ಅದನ್ನು ಅರ್ಧ ಮಾಡಿ, ಆ ಅಂಕಿ ಕಾರ್ಡಿನಲ್ಲಿ ಎಲ್ಲಾದರೂ ಇದೆಯಾ ನೋಡಿ. 3 ಇದೆ, ವಾಪಸ್ ಬಂದ ಸಾಲಿನಲ್ಲಿ. ಕೂಡಬೇಕಾದ್ದನ್ನು ಕಳೆದಿದ್ದಾರೆ, ಅದಕ್ಕೇ ಎರಡರಷ್ಟು ತಪ್ಪಿದೆ. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಅಂಕಿ ಅದಲುಬದಲಾಗಿದೆಯಾ ನೋಡಿ. 63 ಅನ್ನು 36 ಎಂದು ಬರೆದರೆ 27 ತಪ್ಪುತ್ತದೆ. ಇದು ಬರೀ ಸುಳಿವು, ಸ್ಲಿಪ್ ತೆಗೆದು ಖಚಿತ ಮಾಡಿಕೊಳ್ಳಲೇಬೇಕು. ನಮ್ಮ ಬೇರಿಂಗಿನ 7 ಬೆಸಸಂಖ್ಯೆ, 9ಕ್ಕೂ ಸಿಗುವುದಿಲ್ಲ. ಅಂಥಲ್ಲಿ ಕಾರ್ಡಿನ ಬರಹದಲ್ಲೇ ಒಂದು ತಪ್ಪು ಇದೆ ಎಂದು ಕೂರುವ ಬದಲು ಬೇಗ ಎದ್ದು ರ್ಯಾಕಿನ ಹತ್ತಿರ ಹೋಗುವುದು ಒಳ್ಳೆಯದು. ಕಾರ್ಡು ಕೈಗೆ ಬಂದಾಗ ಪೆನ್ನು ತೆಗೆದು ಅದರ ಮೇಲೆ ತಿದ್ದಬೇಡಿ. ಬೇರೆ ಹಾಳೆ ಕೇಳಿ ಅದರಲ್ಲಿ ಲೆಕ್ಕ ಮಾಡಿ ತೋರಿಸಿ.